ಮನೆ ಮೊದಲೋ, ಅಳತೆ ಮೊದಲೋ?

"ಈ ಕ್ರಾಸು ಮುಂದಕ್ಕೆ ಹೋಗಲ್ಲ ಸಾರ್, ಗೋಡೆ ಬರುತ್ತೆ. ಸುತ್ತು ಹಾಕ್ಕೊಂಡೇ ಹೋಗಬೇಕು" ಎಂದರು ಆಟೋದವರು. ಬೆಂಗಳೂರಿನ ಹೊರವಲಯದ ಒಂದು ಬಡಾವಣೆ. ನಾನು ಹೋಗಬೇಕಿದ್ದ ಮನೆ ಆ ಗೋಡೆಯ ಆಚೆಗೇ ಇತ್ತು. ಕೂಗಿದರೆ ಕೇಳುವಷ್ಟು ಹತ್ತಿರ. ಆದರೂ ವಾಪಸ್ ಬಂದು, ದೊಡ್ಡ ರಸ್ತೆ ಹಿಡಿದು, ಮತ್ತೊಂದು ಬಡಾವಣೆಯ ಬಾಯಿಂದ ಒಳಗೆ ಹೋಗಬೇಕಾಯಿತು. ರಾತ್ರಿ ಮನೆಗೆ ಬಂದು ಆ ಜಾಗದ ಉಪಗ್ರಹ ಚಿತ್ರ ತೆಗೆದು ನೋಡಿದೆ. ಗೋಡೆಯ ಈಚೆ ಒಂದು ರಸ್ತೆ, ಆಚೆ ಅಷ್ಟೇ ಅಗಲದ ಇನ್ನೊಂದು. ಎರಡೂ ನೇರ. ಆದರೆ ಒಂದರ ತುದಿಗೆ ಇನ್ನೊಂದು ಕೂಡುವುದಿಲ್ಲ. ಹದಿನೈದು ಅಡಿ ಪಕ್ಕಕ್ಕೆ ಸರಿದುಕೊಂಡು ನಿಂತಿದೆ.

ಮೇಲಿನಿಂದ ಊರನ್ನು ನೋಡುವಾಗ ಇಂಥ ತಪ್ಪಿದ ಗೆರೆಗಳೇ ಹೆಚ್ಚು ಮಾತಾಡುತ್ತವೆ. ಕಟ್ಟಡಗಳು ಬೀಳುತ್ತವೆ, ಏಳುತ್ತವೆ. ಬೀದಿಯ ಗೆರೆ ಮಾತ್ರ ಸುಲಭಕ್ಕೆ ಅಳಿಯುವುದಿಲ್ಲ. ಒಂದು ಬೀದಿಯನ್ನು ಸರಿಸಬೇಕಾದರೆ ಎರಡೂ ಬದಿಯ ಮಾಲೀಕರೆಲ್ಲ ಒಪ್ಪಬೇಕಲ್ಲ! ಹಾಗಾಗಿ ಯಾವುದೇ ಊರಿನ ಚಿತ್ರ ಕೈಗೆ ಬಂದಾಗ ನಾನು ಕೇಳಿಕೊಳ್ಳುವ ಮೊದಲ ಪ್ರಶ್ನೆ ಇದು: ಇಲ್ಲಿ ಮೊದಲು ಬಂದದ್ದು ಯಾವುದು? ಮನೆಯೋ, ಅಳತೆಯೋ, ಹೊಲವೋ?

ಮನೆ ಮೊದಲು ಬಂದ ಊರು

ಮನೆಗಳು ಮೊದಲು ಎದ್ದು, ಅವುಗಳ ನಡುವೆ ಉಳಿದ ಜಾಗವೇ ದಾರಿಯಾದರೆ ಓಣಿ ಡೊಂಕಾಗುತ್ತದೆ. ಅಗಲವೂ ಒಂದೇ ಸಮ ಇರುವುದಿಲ್ಲ. ಒಂದು ಕಡೆ ಎತ್ತಿನಗಾಡಿ ಹೋಗುವಷ್ಟು, ಹತ್ತು ಹೆಜ್ಜೆ ಆಚೆ ಇಬ್ಬರು ಎದುರುಬದುರಾದರೆ ಭುಜ ತಗಲುವಷ್ಟು. ಬೆಂಗಳೂರಿನ ಇಂದಿರಾನಗರದ ನೇರ ರಸ್ತೆಗಳಿಂದ ಸ್ವಲ್ಪ ದಕ್ಷಿಣಕ್ಕೆ ಸರಿದು ದೊಮ್ಮಲೂರಿನ ಹಳೆಯ ಹಳ್ಳಿಯ ಭಾಗ ನೋಡಿ. ಗೆರೆ ಎಳೆದ ಕಾಗದದ ಮೇಲೆ ನೂಲಿನ ಗಂಟು ಬಿದ್ದ ಹಾಗೆ ಕಾಣುತ್ತದೆ. ಆ ಗಂಟೇ ಗ್ರಾಮಠಾಣ. ಸುತ್ತಲಿನ ಹೊಲಗಳೆಲ್ಲ ಬಡಾವಣೆಗಳಾದರೂ ಜನ ವಾಸವಿದ್ದ ಹಳ್ಳಿಯ ನಡುಭಾಗ ತನ್ನ ಆಕಾರ ಬಿಡಲಿಲ್ಲ.

ಮೊರಾಕೊದ ಫೆಸ್ ಪಟ್ಟಣದ ಹಳೆಯ ಊರೂ ಹೀಗೆ ಗಂಟುಗಂಟಾಗಿದೆ. ಆದರೆ ಅದನ್ನು ಬೇರೆಯಾಗಿ ಗುರುತಿಸಲು ಎರಡು ಸುಳಿವುಗಳಿವೆ. ಅಲ್ಲಿ ಎಷ್ಟೋ ಓಣಿಗಳು ಮುಂದೆ ಹೋಗದೆ ನಾಲ್ಕಾರು ಮನೆಗಳ ಬಾಗಿಲಲ್ಲಿ ಮುಗಿಯುತ್ತವೆ. ಅಲ್ಲಿಯವರೆಗೆ ಬರುವವರು ಆ ಮನೆಗಳವರು, ಅವರ ನೆಂಟರು ಮಾತ್ರ. ಇನ್ನೊಂದು, ಚಾವಣಿಗಳ ನಡುನಡುವೆ ಚೌಕದ ತೂತುಗಳು ಕಾಣುತ್ತವೆ. ಅವು ಮನೆಯೊಳಗಿನ ಅಂಗಳಗಳು. ಮನೆ ಬೀದಿಗೆ ಬೆನ್ನು ಹಾಕಿ ಒಳಮುಖವಾಗಿ ಕೂತಿದೆ ಎಂದರ್ಥ. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಬೆಂಗಳೂರಿನ ಪೇಟೆಯ ಓಣಿಗಳೂ ಇಕ್ಕಟ್ಟೇ. ಆದರೆ ಅವು ಒಂದರಿಂದ ಇನ್ನೊಂದಕ್ಕೆ ದಾಟಿಕೊಂಡು ಹೋಗಿ, ಕಡೆಗೆ ದೊಡ್ಡಪೇಟೆ ಅಥವಾ ಚಿಕ್ಕಪೇಟೆಯ ಬೀದಿಗೆ ಬಂದು ಬೀಳುತ್ತವೆ. ಅಕ್ಕಿಪೇಟೆ, ಬಳೇಪೇಟೆ, ಕುಂಬಾರಪೇಟೆ ಎಂಬ ಹೆಸರುಗಳೇ ಕಾರಣ ಹೇಳುತ್ತವೆ. ಸರಕು ಓಡಾಡಬೇಕಾದ ಓಣಿ ಕುರುಡಾಗಿ ಮುಗಿದರೆ ವ್ಯಾಪಾರ ನಡೆಯುವುದಿಲ್ಲ.

ಇಲ್ಲಿ ಒಂದು ಕಡೆ ಮೋಸಹೋಗುವ ಸಂಭವವಿದೆ. ಅಮೆರಿಕದ ಉಪನಗರಗಳಲ್ಲೂ ಬಾಗಿದ ರಸ್ತೆಗಳು, ಕುರುಡು ತುದಿಗಳು ತುಂಬ ಕಾಣುತ್ತವೆ. ಅವು ಬೇಕೆಂದೇ ಬಾಗಿಸಿದವು. 1930ರ ದಶಕದಲ್ಲಿ ಅಲ್ಲಿನ ಸರ್ಕಾರದ ವಸತಿಸಾಲ ಸಂಸ್ಥೆಯೇ ಇಂಥ ವಿನ್ಯಾಸವನ್ನು ಶಿಫಾರಸು ಮಾಡಿತ್ತು. ವ್ಯತ್ಯಾಸ ತಿಳಿಯಲು ರಸ್ತೆಯ ಅಗಲ ನೋಡಿದರೆ ಸಾಕು. ಎಷ್ಟೇ ಬಾಗಿದರೂ ಅಗಲ ಬದಲಾಗದಿದ್ದರೆ, ತುದಿಯಲ್ಲಿ ಕಾರು ತಿರುಗಿಸಲು ದುಂಡಗಿನ ಜಾಗವಿದ್ದರೆ, ಅಲ್ಲಿ ಅಳತೆಯೇ ಮೊದಲು ಬಂದಿದೆ.

ಅಳತೆ ಮೊದಲು ಬಂದ ಊರು

ಚೌಕುಳಿ ಕಂಡ ಕೂಡಲೇ ಹೊಸ ಊರು ಎನ್ನಲಾಗದು. ಮೊಹೆಂಜೊದಾರೊದಲ್ಲೂ ನೇರ ಬೀದಿಗಳಿದ್ದವು. ಜೈಪುರವನ್ನು 1727ರಲ್ಲೇ ಚೌಕಗಳಾಗಿ ಹಾಕಲಾಯಿತು. ನೇರವೋ ಡೊಂಕೋ ಎನ್ನುವುದಕ್ಕಿಂತ ಒಂದು ಬ್ಲಾಕಿನ ಅಳತೆ ಎಷ್ಟು ಎನ್ನುವುದು ಹೆಚ್ಚು ನಂಬಬಹುದಾದ ಗುರುತು. ಪರದೆಯ ಮೇಲಿನ ನಕ್ಷೆಯಲ್ಲಿ ಬ್ಲಾಕಿನ ಒಂದು ಮೂಲೆಯಿಂದ ಇನ್ನೊಂದಕ್ಕೆ ಅಳೆದು ನೋಡಿ.

ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಮೂಲ ಬ್ಲಾಕುಗಳ ಒಂದೊಂದು ಬದಿ 660 ಅಡಿ, ಅಂದರೆ ಸುಮಾರು 201 ಮೀಟರ್. ರಸ್ತೆಗಳ ಅಗಲ 132 ಅಡಿ. ಈ ಅಂಕಿಗಳು ಹುಟ್ಟಿದ್ದು ಸರ್ವೆಯವರ ಸರಪಳಿಯಿಂದ. ಗಂಟರ್ ಸರಪಳಿಯ ಉದ್ದ 66 ಅಡಿ. ಎರಡು ಸರಪಳಿಗೆ ಒಂದು ರಸ್ತೆ, ಹತ್ತು ಸರಪಳಿಗೆ ಒಂದು ಬ್ಲಾಕು, ಎಂಬತ್ತು ಸರಪಳಿಗೆ ಒಂದು ಮೈಲಿ. 1785ರ ಕಾನೂನಿನ ಪ್ರಕಾರ ಅಮೆರಿಕದ ಬಹುಪಾಲು ಭೂಮಿಯನ್ನು ಮೈಲಿ ಮೈಲಿಗೆ ಚೌಕ ಮಾಡಲಾಯಿತು. ಅದಕ್ಕೇ ಷಿಕಾಗೊ, ಫೀನಿಕ್ಸ್‌ಗಳ ದೊಡ್ಡ ರಸ್ತೆಗಳು ಸುಮಾರು 1.6 ಕಿಲೋಮೀಟರಿಗೊಂದರಂತೆ ಬರುತ್ತವೆ, ಉತ್ತರ ದಕ್ಷಿಣಕ್ಕೆ ನೆಟ್ಟಗೆ ಮಲಗುತ್ತವೆ.

ಬಾರ್ಸಿಲೋನಾದ ಹೊಸ ಭಾಗದ ಗುರುತೇ ಬೇರೆ. ಇಲ್ದೆಫೊನ್ಸ್ ಸೆರ್ದಾ 1859ರಲ್ಲಿ ಹಾಕಿಕೊಟ್ಟ ಯೋಜನೆಯಲ್ಲಿ ಬ್ಲಾಕಿನ ಬದಿ ಸುಮಾರು 113 ಮೀಟರ್, ಬೀದಿ 20 ಮೀಟರ್. ನಾಲ್ಕೂ ಮೂಲೆಗಳನ್ನು ಓರೆಯಾಗಿ ಕತ್ತರಿಸಿದ್ದಾರೆ. ಕೂಡುರಸ್ತೆಯಲ್ಲಿ ಬಂಡಿಗಳು ತಿರುಗಲು ಜಾಗ ಸಿಗಲಿ, ಎದುರಿಗೆ ಬರುವುದು ಕಾಣಲಿ ಎಂಬ ಲೆಕ್ಕ ಅದರ ಹಿಂದಿತ್ತು. ಎಂಟು ಮೂಲೆಯ ಬಿಲ್ಲೆಗಳನ್ನು ಸಾಲಾಗಿ ಜೋಡಿಸಿದಂತೆ ಕಾಣುವ ಆ ಊರನ್ನು ಒಮ್ಮೆ ನೋಡಿದವರು ಮರೆಯಲಾರರು.

ಈಗ ನಮ್ಮ ಬಡಾವಣೆಗೆ ಅದೇ ಅಳತೆಪಟ್ಟಿ ಹಿಡಿಯೋಣ. ಇಲ್ಲಿ ಮೂಲ ಲೆಕ್ಕ ಸೈಟಿನದು: ಮೂವತ್ತು ನಲವತ್ತು, ನಲವತ್ತು ಅರವತ್ತು. ಎರಡು ಸಾಲು ಸೈಟುಗಳು ಬೆನ್ನಿಗೆ ಬೆನ್ನು ತಾಗಿಸಿ ನಿಂತರೆ ಬ್ಲಾಕಿನ ಅಗಲ 80 ಅಡಿ ಅಥವಾ 120 ಅಡಿ, ಅಂದರೆ ಸುಮಾರು 24 ಅಥವಾ 37 ಮೀಟರ್ ಮಾತ್ರ. ಉದ್ದ ಮಾತ್ರ ಬೇಕಾದಷ್ಟು. ಮೇಲಿನಿಂದ ಪಟ್ಟಿ ಪಟ್ಟಿಯಾಗಿ, ಕಡಲೆಮಿಠಾಯಿ ಕತ್ತರಿಸಿಟ್ಟ ಹಾಗೆ ಕಾಣುತ್ತದೆ. ಸಾಲ್ಟ್ ಲೇಕ್‌ನ ಒಂದು ಬ್ಲಾಕಿನ ಅಗಲದಲ್ಲಿ ನಮ್ಮ ಮೂವತ್ತು ನಲವತ್ತರ ಬ್ಲಾಕುಗಳು ರಸ್ತೆ ಬಿಟ್ಟೂ ಆರು ಹಿಡಿಸುತ್ತವೆ.

ಈ ಪಟ್ಟಿಗಳಲ್ಲೂ ಕಾಲ ಹೇಳುವ ಗುರುತು ಒಂದಿದೆ. 1898ರ ಪ್ಲೇಗಿನ ನಂತರ ಬೆಳೆದ ಮಲ್ಲೇಶ್ವರ, ಬಸವನಗುಡಿಗಳನ್ನು ಹತ್ತಿರದಿಂದ ನೋಡಿದರೆ, ಎರಡು ಸಾಲು ಮನೆಗಳ ಬೆನ್ನಿನ ನಡುವೆ ಸಣ್ಣದೊಂದು ಗೆರೆ ಹಾದುಹೋಗಿರುತ್ತದೆ. ಅದು ಕನ್ಸರ್ವೆನ್ಸಿ ಲೇನು. ಒಳಚರಂಡಿ ಇಲ್ಲದ ಕಾಲದಲ್ಲಿ ಮನೆಯ ಹಿಂದಿನಿಂದ ಮಲ ಹೊತ್ತೊಯ್ಯಲು ಬಿಟ್ಟ ಓಣಿ. ಆ ಕೆಲಸ ಮಾಡಿದವರು ಮುಂಬಾಗಿಲಲ್ಲಿ ಕಾಣಬಾರದು ಎಂಬ ಅಂದಿನ ಕ್ರೌರ್ಯವೂ ಆ ಗೆರೆಯಲ್ಲಿದೆ. ಒಳಚರಂಡಿ ಬಂದ ಮೇಲೆ ಹೊಸ ಬಡಾವಣೆಗಳಿಗೆ ಅದರ ಅಗತ್ಯ ಉಳಿಯಲಿಲ್ಲ, ಮನೆಗಳ ಬೆನ್ನು ಕೂಡಿಕೊಂಡವು.

ತೇರು ತಿರುಗಿದ ಊರುಗಳದು ಇನ್ನೊಂದು ಬಗೆಯ ಅಳತೆ. ಮಧುರೆಯ ಮೀನಾಕ್ಷಿ ಗುಡಿಯ ಸುತ್ತ ಬೀದಿಗಳು ಒಂದರ ಹೊರಗೊಂದು ಚೌಕವಾಗಿ ಹೋಗುತ್ತವೆ. ಅವುಗಳಲ್ಲಿ ಚಿತ್ತಿರೈ, ಮಾಸಿ ಬೀದಿಗಳಿಗೆ ತಮಿಳು ತಿಂಗಳುಗಳದೇ ಹೆಸರು. ಉಡುಪಿಯ ರಥಬೀದಿಯೂ ಗುಡಿಗಳನ್ನು ಸುತ್ತುವರಿದ ಒಂದು ಅಗಲವಾದ ಸುತ್ತು. ಇಕ್ಕಟ್ಟಾದ ಊರಿನ ನಡುವೆ ಗುಡಿಯ ಸುತ್ತ ಮಾತ್ರ ಬೀದಿ ಅಗಲವಾಗಿದ್ದರೆ ಅಲ್ಲಿ ತೇರು ಎಳೆಯುತ್ತಾರೆಂದು ಊಹಿಸಬಹುದು.

ಹೊಲ ಮೊದಲು ಬಂದ ಊರು

ಈಗ ಆ ಗೋಡೆಯ ಹತ್ತಿರ ಬರೋಣ. ಹೊರವಲಯದ ರೆವಿನ್ಯೂ ಬಡಾವಣೆಗಳಲ್ಲಿ ರಸ್ತೆಗಳೂ ನೇರ, ಸೈಟುಗಳೂ ಅಳತೆಯವು. ಆದರೆ ಇಡೀ ಪ್ರದೇಶವನ್ನು ಒಟ್ಟಿಗೆ ನೋಡಿದರೆ ಬಗೆಬಗೆಯ ಬಟ್ಟೆ ಸೇರಿಸಿ ಹೊಲಿದ ಕೌದಿಯ ಹಾಗಿದೆ. ಒಂದು ತುಂಡಿನ ಗೆರೆಗಳು ಒಂದು ದಿಕ್ಕಿಗೆ, ಪಕ್ಕದ್ದು ಸ್ವಲ್ಪ ಓರೆಗೆ. ಕೌದಿಯ ಒಂದೊಂದು ತುಂಡೂ ಒಬ್ಬೊಬ್ಬ ರೈತನ ಹೊಲ.

ನಮ್ಮ ಜಮೀನು ಅಳೆದ ಸರಪಳಿ 33 ಅಡಿಯದು. ಒಂದು ಸರಪಳಿಗೆ ಒಂದು ಸರಪಳಿ ಚೌಕವಾದರೆ 1,089 ಚದರಡಿ, ಅದೇ ಒಂದು ಗುಂಟೆ. ನಲವತ್ತು ಗುಂಟೆಗೆ ಒಂದು ಎಕರೆ, 43,560 ಚದರಡಿ. ಒಬ್ಬ ರೈತನಿಗೆ 110 ಅಡಿ ಅಗಲ, 396 ಅಡಿ ಉದ್ದದ ಒಂದು ಎಕರೆ ಪಟ್ಟಿ ಇದೆ ಎಂದುಕೊಳ್ಳಿ. ನಡುವೆ ಉದ್ದಕ್ಕೂ 30 ಅಡಿ ರಸ್ತೆ ಬಿಟ್ಟರೆ ಎರಡೂ ಕಡೆ 40 ಅಡಿ ಆಳ ಉಳಿಯುತ್ತದೆ. ಒಂದೊಂದು ಬದಿಗೆ 13 ಸೈಟು, ಒಟ್ಟು 26. ತುದಿಯಲ್ಲಿ ಆರಡಿ ಮಿಗುತ್ತದೆ, ಅಷ್ಟೇ. ಉದ್ಯಾನಕ್ಕೆ, ಶಾಲೆಗೆ, ಆಟದ ಬಯಲಿಗೆ ಜಾಗವಿಲ್ಲ. ರಸ್ತೆ ಪಕ್ಕದವನ ಬದುವಿಗೆ ಹೋಗಿ ನಿಲ್ಲುತ್ತದೆ. ಪಕ್ಕದವನ ಹೊಲ ಇನ್ನೊಂದು ಅಗಲದ್ದು. ಕೆಲವು ವರ್ಷ ಕಳೆದು ಅವನೂ ಸೈಟು ಮಾಡಿದಾಗ ಅವನ ನಡುರಸ್ತೆ ಬೇರೆ ಕಡೆ ಬೀಳುತ್ತದೆ. ಎರಡು ರಸ್ತೆ ಕೂಡಿಸಬೇಕೆಂದರೆ ಯಾರಾದರೂ ಒಂದು ಸೈಟು ಬಿಡಬೇಕು. ಯಾರೂ ಬಿಡುವುದಿಲ್ಲ.

ರಸ್ತೆ ಪಕ್ಕಕ್ಕೆ ಸರಿದದ್ದು ಕಂಡಲ್ಲೆಲ್ಲ ಹೊಲದ ಗುರುತು ಎನ್ನುವಂತಿಲ್ಲ. ಅಮೆರಿಕದ ಮೈಲಿ ಚೌಕಗಳಲ್ಲೂ 24 ಮೈಲಿಗೊಮ್ಮೆ ರಸ್ತೆ ಥಟ್ಟನೆ ಪಕ್ಕಕ್ಕೆ ಸರಿಯುತ್ತದೆ. ಭೂಮಿ ಗುಂಡಗಿರುವುದರಿಂದ ಉತ್ತರಕ್ಕೆ ಹೋದಂತೆ ಗೆರೆಗಳು ಹತ್ತಿರವಾಗುತ್ತವೆ, ಅದನ್ನು ಸರಿಪಡಿಸಲು ಹಾಕಿದ ಹೊಲಿಗೆ ಅದು. ಆದರೆ ಅಲ್ಲಿ ಸರಿದ ಮೇಲೂ ದಿಕ್ಕು ಬದಲಾಗುವುದಿಲ್ಲ. ನಮ್ಮಲ್ಲಿ ಕೆಲವು ನೂರು ಅಡಿಗೊಮ್ಮೆ ದಿಕ್ಕೂ ಬದಲು, ಅಗಲವೂ ಬದಲು.

ಈ ಕೌದಿಯಲ್ಲಿ ಬಾಗಿದ ಗೆರೆ ಕಂಡರೆ ನಿಂತು ನೋಡಬೇಕು. ಎರಡು ಹಳ್ಳಿಗಳ ನಡುವೆ ಅಂಕುಡೊಂಕಾಗಿ ಹೋಗಿ, ಈಗ ಬಸ್ಸು ಓಡುವ ದಾರಿಯಾಗಿದ್ದರೆ ಅದು ಹಳೆಯ ಬಂಡಿದಾರಿಯಾಗಿರುವ ಸಂಭವ ಹೆಚ್ಚು. ಮನೆಗಳ ಬೆನ್ನ ಹಿಂದೆ ಇಳಿಜಾರು ಹಿಡಿದು ಸುತ್ತಿಕೊಂಡು ಹೋಗಿದ್ದರೆ ರಾಜಕಾಲುವೆ. ಬಿಲ್ಲಿನಂತೆ ಒಂದೇ ಬಾಗಿದ್ದರೆ ಕೆರೆಯ ಏರಿ. ಆದರೆ ಏರಿ ಅಳಿದ ಮೇಲೆ ಚಿತ್ರ ನೋಡಿ ಹೇಳುವುದು ಕಷ್ಟ. ಮೆಜೆಸ್ಟಿಕ್ ಬಸ್ ನಿಲ್ದಾಣದ ಜಾಗದಲ್ಲಿ ಧರ್ಮಾಂಬುಧಿ ಕೆರೆಯಿತ್ತು, ಕಂಠೀರವ ಕ್ರೀಡಾಂಗಣದ ಜಾಗದಲ್ಲಿ ಸಂಪಂಗಿ ಕೆರೆಯಿತ್ತು ಎನ್ನಲು ಹಳೆಯ ನಕ್ಷೆಯ ಸಾಕ್ಷಿ ಬೇಕೇ ಬೇಕು.

ನಾನೂ ಆ ಬಡಾವಣೆಯ ಗ್ರಾಮನಕ್ಷೆಯನ್ನು ಪಕ್ಕದಲ್ಲಿಟ್ಟುಕೊಂಡು ನೋಡಿದೆ. ಆಟೋ ಹಿಂದಿರುಗಿದ ಗೋಡೆ ಸರಿಯಾಗಿ ಎರಡು ಸರ್ವೆ ನಂಬರುಗಳ ಗಡಿಯ ಮೇಲಿದೆ. ಮುಂದಿನ ವಾರ ಹೋದಾಗ ಗೋಡೆಯ ಪಕ್ಕದ ಮನೆಯ ಅಜ್ಜಿಯನ್ನು ಕೇಳಿದೆ. "ಇದೇ ನಮ್ಮ ಬದು ಕಣಪ್ಪ. ಇತ್ತಕಡೆ ನಮ್ಮ ರಾಗಿ, ಅತ್ತಕಡೆ ನಮ್ಮ ಮೈದುನಂದು ಅವರೆ" ಎಂದರು. ಇಂದಿಗೂ ಆಟೋದವರು ಸುತ್ತು ಹಾಕುತ್ತಿರುವುದು ಆ ರಾಗಿ ಹೊಲವನ್ನೇ.