ಹಾವಿನ ಪೊರೆಯಂತೆ ಕಳಚುವ ಪಾದದ ಚರ್ಮ

ಪ್ರಶ್ನೆ: ಹಣ್ಣಿನ ಆಮ್ಲದ ಫೂಟ್ ಪೀಲ್ ಮಾಸ್ಕ್ ಹಾಕಿದರೆ ಒಡೆದ ಹಿಮ್ಮಡಿ ಸರಿಹೋಗುತ್ತದೆಯೇ?

ಉತ್ತರ: ಒಡಕಿಗೆ ಅದು ಮದ್ದಲ್ಲ, ದಪ್ಪಗಟ್ಟಿದ ಒಣಚರ್ಮಕ್ಕೆ ಮಾತ್ರ. ದ್ರವ ತುಂಬಿದ ಆ ಪ್ಲಾಸ್ಟಿಕ್ ಸಾಕ್ಸ್‌ನಲ್ಲಿ ಸಾಮಾನ್ಯವಾಗಿ ಗ್ಲೈಕಾಲಿಕ್, ಲ್ಯಾಕ್ಟಿಕ್ ಆಮ್ಲಗಳಿರುತ್ತವೆ; ಹಲವದರಲ್ಲಿ ಸ್ಯಾಲಿಸಿಲಿಕ್ ಆಮ್ಲವೂ ಉಂಟು. ಸತ್ತ ಕೋಶಗಳನ್ನು ಒಂದಕ್ಕೊಂದು ಹಿಡಿದಿಟ್ಟ ಅಂಟನ್ನು ಇವು ಸಡಿಲಿಸುತ್ತವೆ. ಸುಮಾರು ಒಂದು ಗಂಟೆ ಹಾಕಿಕೊಂಡು ತೊಳೆದ ದಿನ ಏನೂ ಕಾಣುವುದಿಲ್ಲ. ಕೆಲಸ ಮಾಡಲಿಲ್ಲವೆಂದು ಮರುದಿನವೇ ಇನ್ನೊಂದು ಜೋಡಿ ಹಾಕಬೇಡಿ! ನಾಲ್ಕೈದು ದಿನಕ್ಕೆ ಬೆರಳ ಬುಡದಲ್ಲಿ ಬಿಳಿ ಪದರ ಏಳುತ್ತದೆ, ಆಮೇಲೆ ವಾರವಿಡೀ ಸುಲಿಯುತ್ತದೆ. ಕೈಯಿಂದ ಎಳೆದರೆ ಹಸಿಚರ್ಮವೂ ಕಿತ್ತು ಬರುತ್ತದೆ, ತಾನಾಗಿ ಉದುರಲಿ. ಹಾಕಿದಾಗ ಉರಿ ಹತ್ತಿದರೆ ಕೂಡಲೇ ತೆಗೆದು ತೊಳೆಯಿರಿ.

ಸಕ್ಕರೆ ಕಾಯಿಲೆಯವರು, ಪಾದದ ಸ್ಪರ್ಶ ಅಥವಾ ರಕ್ತಸಂಚಾರ ಕುಗ್ಗಿದವರು ಇದರ ತಂಟೆಗೇ ಹೋಗಬಾರದು. ಉರಿ ಗೊತ್ತಾಗದೆ ಗಾಯವಾದರೆ ಮಾಯುವುದು ಕಷ್ಟ. ಇಸುಬು, ಸೋರಿಯಾಸಿಸ್, ಹುಣ್ಣು, ರಕ್ತ ಒಸರುವ ಬಿರುಕು ಇದ್ದರೂ ಬೇಡ. ಗರ್ಭಿಣಿಯರು ವೈದ್ಯರನ್ನು ಕೇಳಲಿ.

ಹಿಮ್ಮಡಿಯ ಮುಲಾಮಿನ ದಾರಿ ಬೇರೆ. ಅದರಲ್ಲಿನ ಯೂರಿಯಾ ನೀರನ್ನು ಹಿಡಿದಿಟ್ಟು ಗಡಸು ಚರ್ಮವನ್ನು ಮೆದುವಾಗಿಸುತ್ತದೆ, ಪೆಟ್ರೋಲಿಯಂ ಜೆಲ್ಲಿ ತೇವ ಆರದಂತೆ ಮುಚ್ಚುತ್ತದೆ. ಒಡಕಿಗೆ ಬೇಕಾದದ್ದು ಇದೇ: ರಾತ್ರಿ ಕಾಲು ತೊಳೆದು, ಪಸೆ ಆರುವ ಮೊದಲೇ ಹಚ್ಚಿ, ಹತ್ತಿಯ ಕಾಲುಚೀಲ ಹಾಕಿ ಮಲಗಿ.