‘ಕ್ಲೇಮ್ ಪಾಸ್ ಆಗಿದೆ’ ಅಂದರೆ ಸಾಲದು

"ಸರ್, ನಿಮ್ಮ ಬ್ಯಾಟರಿ ಕ್ಲೇಮ್ ಪಾಸ್ ಆಗಿದೆ. ಶನಿವಾರ ಬನ್ನಿ."

ಇನ್ವರ್ಟರ್ ಅಂಗಡಿಯಿಂದ ಬರುವ ಕರೆ ಸಾಮಾನ್ಯವಾಗಿ ಇಷ್ಟೇ ಇರುತ್ತದೆ. ಕೇಳಿದವರಿಗೆ ಸಂತೋಷವಾಗುತ್ತದೆ, ಫೋನ್ ಇಟ್ಟ ಮೇಲೆ ಒಂದೊಂದೇ ಅನುಮಾನ ಏಳುತ್ತದೆ. ಕೊಡುವುದು ಹೊಸ ಬ್ಯಾಟರಿಯೋ, ಯಾರದೋ ಹಳೆಯದನ್ನು ಸರಿಮಾಡಿದ್ದೋ? ದುಡ್ಡು ಕಟ್ಟಬೇಕೋ? ಅರುವತ್ತು ಕೆಜಿ ಹತ್ತಿರ ತೂಗುವುದನ್ನು ಹೊತ್ತು ತರುವವರು ಯಾರು? ವಾರಂಟಿ ಮತ್ತೆ ಮೊದಲಿನಿಂದ ಶುರುವೋ? ಶನಿವಾರ ಅಂಗಡಿಯ ಕೌಂಟರಿನ ಮುಂದೆ ಎದ್ದೇಳುವ ಜಗಳಗಳ ಮೂಲ ಈ ಉತ್ತರವಿಲ್ಲದ ಪ್ರಶ್ನೆಗಳಲ್ಲಿದೆ. ಕ್ಲೇಮ್ ಒಪ್ಪಿಕೊಂಡ ಸುದ್ದಿ ಅರ್ಧ ಸುದ್ದಿ ಮಾತ್ರ. ಉಳಿದರ್ಧ ಏನೆಂಬುದನ್ನು ತಿಳಿಯಲು ಒಂದು ಬ್ಯಾಟರಿಯ ಬೆನ್ನು ಹತ್ತಿ ಹೋಗಬೇಕು.

ಹಾಸನದಂಥ ಊರಿನ ಒಂದು ಮನೆ ಎಂದುಕೊಳ್ಳಿ. ನಿವೃತ್ತ ಮೇಷ್ಟ್ರೊಬ್ಬರು 2022ರ ಜೂನ್ 12ರಂದು 150 ಆಂಪಿಯರ್ ಅವರ್‌ನ ಟ್ಯೂಬುಲರ್ ಬ್ಯಾಟರಿ ಕೊಂಡಿದ್ದಾರೆ. ಕಾರ್ಡಿನಲ್ಲಿ ‘36+24 ತಿಂಗಳು’ ಎಂದು ಬರೆದಿದೆ. 2025ರ ಫೆಬ್ರವರಿಯ ಹೊತ್ತಿಗೆ ಕರೆಂಟು ಹೋದ ಹತ್ತೇ ನಿಮಿಷಕ್ಕೆ ಫ್ಯಾನು ನಿಲ್ಲತೊಡಗಿತು. ಫೆಬ್ರವರಿ 18ರಂದು ಅವರು ದೂರು ಬರೆಸಿದರು.

ಮರುದಿನ ಬಂದ ಸರ್ವಿಸ್ ಹುಡುಗ ಮೊದಲು ಮೀಟರ್ ಹಿಡಿದ. ಪೂರ್ತಿ ಚಾರ್ಜ್ ಆಗಿ ತಣ್ಣಗೆ ಕುಳಿತ ಬ್ಯಾಟರಿ 12.6 ವೋಲ್ಟ್‌ನ ಆಸುಪಾಸು ತೋರಿಸಬೇಕು. ಇದು ತೋರಿಸಿದ್ದು 10.5. ಒಂದು ಬ್ಯಾಟರಿಯಲ್ಲಿ ಆರು ಸೆಲ್, ಒಂದೊಂದಕ್ಕೆ ಎರಡು ವೋಲ್ಟ್‌ಗಿಂತ ತುಸು ಹೆಚ್ಚು. ಒಂದು ಸೆಲ್ಲಿನ ಪಾಲು ಪೂರ್ತಿ ಕಾಣೆಯಾಗಿದೆ ಎಂಬ ಗುಮಾನಿ ಅಲ್ಲೇ ಬಂತು. ಆದರೆ ಗುಮಾನಿಯ ಮೇಲೆ ಕ್ಲೇಮ್ ಪಾಸ್ ಆಗುವುದಿಲ್ಲ.

ಆತ ಮುಚ್ಚಳಗಳನ್ನು ಬಿಚ್ಚಿ ಹೈಡ್ರೋಮೀಟರ್ ಇಳಿಸಿದ. ಗಾಜಿನ ಕೊಳವೆ, ತುದಿಯಲ್ಲಿ ರಬ್ಬರ್ ಬುರುಡೆ, ಒಳಗೆ ಬಣ್ಣದ ಪಟ್ಟಿ ಇರುವ ಒಂದು ತೇಲುಬುರುಡೆ. ರಬ್ಬರನ್ನು ಒತ್ತಿ ಬಿಟ್ಟರೆ ಆಸಿಡ್ ಮೇಲೆ ಏರುತ್ತದೆ. ಆಸಿಡ್ ಗಟ್ಟಿ ಇದ್ದಷ್ಟೂ ತೇಲುಬುರುಡೆ ಮೇಲಕ್ಕೆ ನಿಲ್ಲುತ್ತದೆ. ಅಂಗಡಿಯವರ ಬಾಯಲ್ಲಿ ಇದು ‘ಗ್ರಾವಿಟಿ ನೋಡೋದು’. ಇನ್ವರ್ಟರ್ ಬ್ಯಾಟರಿಯ ಸೆಲ್ ಪೂರ್ತಿ ಚಾರ್ಜ್ ಆದಾಗ 1240ರ ಹತ್ತಿರ ಇರಬೇಕು. ಐದು ಸೆಲ್ 1220, 1230 ಎಂದವು. ಮೂರನೆಯದರಲ್ಲಿ ತೇಲುಬುರುಡೆ ಮುಳುಗಿ ತಳದಲ್ಲೇ ಕುಳಿತಿತು. 1100 ಕೂಡ ದಾಟಲಿಲ್ಲ.

ಈ ಹೊಂದಿಕೆಯಿಲ್ಲದ ಒಂದು ಅಂಕಿಯೇ ಕ್ಲೇಮಿನ ಜೀವಾಳ. ಆರೂ ಸೆಲ್ ಸಮನಾಗಿ ಇಳಿದಿದ್ದರೆ ಬ್ಯಾಟರಿ ಕೆಟ್ಟಿಲ್ಲ, ಹೊಟ್ಟೆ ತುಂಬಿಲ್ಲ ಅಷ್ಟೆ. ಅಂಥದ್ದನ್ನು ಚಾರ್ಜಿಗೆ ಹಾಕಿ ವಾಪಸು ಕೊಡುತ್ತಾರೆ, ಬದಲಿ ಸಿಗುವುದಿಲ್ಲ. ಡಿಸ್ಟಿಲ್ಡ್ ವಾಟರ್ ಹಾಕದೆ ಪ್ಲೇಟುಗಳು ಒಣಗಿದ್ದರೆ, ಯಾರೋ ನೀರಿನ ಬದಲು ಆಸಿಡ್ ಸುರಿದಿದ್ದರೆ, ಡಬ್ಬ ಒಡೆದಿದ್ದರೆ ಅಥವಾ ಟರ್ಮಿನಲ್ ಕರಗಿದ್ದರೆ ಕ್ಲೇಮ್ ತಿರಸ್ಕಾರವಾಗುತ್ತದೆ. ನೀರಿನ ಮಟ್ಟ ಸರಿಯಿದ್ದು, ಐದು ಚೆನ್ನಾಗಿದ್ದು, ಒಂದು ಮಾತ್ರ ಸತ್ತಿದ್ದರೆ ಒಳಗೆ ಸೆಲ್ ಶಾರ್ಟ್ ಆಗಿರುವ ಸಾಧ್ಯತೆಯೇ ಹೆಚ್ಚು. ಅದು ತಯಾರಕರ ಪಾಲಿನ ದೋಷ.

ಅನುಮಾನ ಉಳಿಯಬಾರದೆಂದು ಬ್ಯಾಟರಿಯನ್ನು ಅಂಗಡಿಗೆ ಒಯ್ದು ಇಡೀ ರಾತ್ರಿ ಚಾರ್ಜಿಗಿಟ್ಟರು. ಮನೆಗೆ ತಾತ್ಕಾಲಿಕವಾಗಿ ಒಂದು ಸರ್ವಿಸ್ ಬ್ಯಾಟರಿ ಬಂತು. ಬೆಳಿಗ್ಗೆ ಮುಚ್ಚಳ ತೆಗೆದು ನೋಡಿದರೆ ಐದು ಸೆಲ್ಲುಗಳಲ್ಲಿ ಸಣ್ಣ ಗುಳ್ಳೆಗಳು ಏಳುತ್ತಿದ್ದವು. ಮೂರನೆಯದು ಕೆರೆಯ ನೀರಿನಂತೆ ಸುಮ್ಮನಿತ್ತು. ಅಂಕಿಗಳನ್ನು ಪಾಳಿಯಂತೆ ಬರೆದು, ಬ್ಯಾಟರಿಯ ಮೈಮೇಲಿನ ಸೀರಿಯಲ್ ನಂಬರಿನ ಫೋಟೋ, ಬಿಲ್ಲು, ಕಾರ್ಡು ಸೇರಿಸಿ ಕಂಪನಿಗೆ ಕಳಿಸಿದರು. ಗುರುವಾರ ಸಂಜೆ ಒಪ್ಪಿಗೆ ಬಂತು.

ಇಲ್ಲಿಂದ ಮುಂದಿನದು ಮಾತಿನ ಕೆಲಸ. ತಪ್ಪುವುದೂ ಇಲ್ಲೇ. "ಪಾಸ್ ಆಗಿದೆ" ಎಂದು ಬಿಡುವ ಬದಲು ಅಂಗಡಿಯವರು ಮೇಷ್ಟ್ರ ವಾಟ್ಸಾಪ್‌ಗೆ ಹೀಗೆ ಬರೆದರೆ ಎಷ್ಟು ಜಗಳ ತಪ್ಪುತ್ತದೆ ನೋಡಿ:

"ನಮಸ್ಕಾರ ಸರ್. ಫೆಬ್ರವರಿ 18ರಂದು ನೀವು ಕೊಟ್ಟ ದೂರನ್ನು ಕಂಪನಿ ಒಪ್ಪಿಕೊಂಡಿದೆ. ಮೂರನೇ ಸೆಲ್ ಶಾರ್ಟ್ ಆಗಿದೆ, ಇದನ್ನು ರಿಪೇರಿ ಮಾಡಲು ಬರುವುದಿಲ್ಲ. ಅದೇ ಮಾಡೆಲ್ಲಿನ ಹೊಸ ಬ್ಯಾಟರಿ ಉಚಿತವಾಗಿ ಕೊಡುತ್ತೇವೆ. ಶನಿವಾರ, 22ರಂದು ಬೆಳಿಗ್ಗೆ 11ರೊಳಗೆ ನಮ್ಮ ಹುಡುಗರೇ ತಂದು ಜೋಡಿಸುತ್ತಾರೆ. ಸಾಗಣೆಗೂ ಜೋಡಣೆಗೂ ಹಣವಿಲ್ಲ. ಹಳೆಯ ಬ್ಯಾಟರಿ ಕಂಪನಿಗೆ ಸೇರುತ್ತದೆ, ಸರ್ವಿಸ್ ಬ್ಯಾಟರಿಯನ್ನು ಅಂದೇ ವಾಪಸು ಒಯ್ಯುತ್ತೇವೆ. ವಾರಂಟಿ ಮೊದಲು ಕೊಂಡ ದಿನದಿಂದಲೇ ಎಣಿಕೆ: ಉಚಿತ ಬದಲಿ 2025 ಜೂನ್ 11ರವರೆಗೆ, ರಿಯಾಯಿತಿ ಬದಲಿ 2027 ಜೂನ್ 11ರವರೆಗೆ. ವಾರಂಟಿ ಕಾರ್ಡು ಕೈಗೆ ಸಿಗುವಂತೆ ಇಟ್ಟಿರಿ."

ಕೊನೆಯ ಭಾಗವನ್ನು ಹೇಳಲು ಅಂಗಡಿಯವರು ಹಿಂಜರಿಯುತ್ತಾರೆ. ಗಿರಾಕಿ ಸಂತೋಷದಲ್ಲಿದ್ದಾಗ ಕಹಿ ಸುದ್ದಿ ಯಾಕೆ ಎಂಬ ಸಂಕೋಚ. ಆದರೆ ಹೊಸ ಬ್ಯಾಟರಿ ಬಂದ ಕೂಡಲೇ ಹೊಸದಾಗಿ ಮೂರು ವರ್ಷ ಸಿಕ್ಕಿತು ಎಂದುಕೊಳ್ಳುವುದು ಸಹಜ. ಸಾಮಾನ್ಯವಾಗಿ ಉಚಿತ ಬದಲಿಗೆ ಉಳಿದ ಅವಧಿ ಮಾತ್ರ ಸಿಗುತ್ತದೆ. ಮೇಷ್ಟ್ರಿಗೆ ಉಚಿತ ಬದಲಿಯ ಅವಧಿ ಇನ್ನು ನಾಲ್ಕು ತಿಂಗಳೂ ಇಲ್ಲ. ಇದು ಇಂದೇ ಗೊತ್ತಾದರೆ ಅವರು ಬೇಸರಪಟ್ಟುಕೊಂಡಾರು. ಎರಡು ವರ್ಷದ ನಂತರ ಗೊತ್ತಾದರೆ ಮೋಸ ಹೋದೆ ಎನ್ನುತ್ತಾರೆ.

ಹಾಗಾದರೆ ‘36+24’ರಲ್ಲಿನ ಆ 24 ಏನು? ಅದನ್ನು ಪ್ರೊ ರೇಟಾ ಎನ್ನುತ್ತಾರೆ. ಆ ಅವಧಿಯಲ್ಲಿ ಕೆಟ್ಟರೆ ಹೊಸ ಬ್ಯಾಟರಿಯ ಬೆಲೆಯಲ್ಲಿ ಶೇಕಡಾ ಇಷ್ಟು ಕಡಿತ. ಆ ಕಡಿತವನ್ನು ಸಾಮಾನ್ಯವಾಗಿ ಎಂಆರ್‌ಪಿ ಮೇಲೆ ಲೆಕ್ಕ ಹಾಕುತ್ತಾರೆ ಎಂಬುದನ್ನು ಗಮನಿಸಬೇಕು. ಬಾಯಿಲೆಕ್ಕಕ್ಕೆ ಒಂದು ಉದಾಹರಣೆ: ಎಂಆರ್‌ಪಿ 20,000 ರೂಪಾಯಿ, ಕಡಿತ ಶೇ 30. ಗಿರಾಕಿ ಕಟ್ಟಬೇಕಾದ್ದು 14,000. ಅದೇ ಬ್ಯಾಟರಿ ಅಂಗಡಿಯಲ್ಲಿ ಯಾವ ಕ್ಲೇಮೂ ಇಲ್ಲದೆ 15,000ಕ್ಕೆ ಸಿಗುತ್ತಿದ್ದು, ಹಳೆಯದಕ್ಕೆ 1,500 ಎಕ್ಸ್‌ಚೇಂಜ್ ಕೊಡುತ್ತಿದ್ದರೆ ಕೈಯಿಂದ ಹೋಗುವುದು 13,500 ಮಾತ್ರ. ಕ್ಲೇಮಿನಲ್ಲಿ ಹಳೆಯದನ್ನು ಕಂಪನಿಗೇ ಒಪ್ಪಿಸಬೇಕು, ಅದಕ್ಕೆ ಬೇರೆ ಹಣವಿಲ್ಲ. ಅಂದರೆ ಕ್ಲೇಮ್ ಪಾಸ್ ಆದವರಿಗೇ 500 ರೂಪಾಯಿ ನಷ್ಟ! ಅಂಕಿಗಳು ಊರಿಂದೂರಿಗೆ ಬದಲಾಗುತ್ತವೆ, ಲೆಕ್ಕದ ಕ್ರಮ ಇದೇ. ಪ್ರಾಮಾಣಿಕ ಅಂಗಡಿಯವರು ಪ್ರೊ ರೇಟಾ ಒಪ್ಪಿಗೆಯ ಸುದ್ದಿಯ ಜೊತೆ ಈ ಎರಡೂ ಮೊತ್ತವನ್ನು ಪಕ್ಕಪಕ್ಕದಲ್ಲಿ ಬರೆದು, ಹಣ ಕೊಟ್ಟು ಪಡೆಯುವ ಬ್ಯಾಟರಿಗೆ ಹೊಸ ವಾರಂಟಿ ಉಂಟೋ ಇಲ್ಲವೋ ಎಂಬುದನ್ನೂ ಹೇಳುತ್ತಾರೆ. ಹೇಳದಿದ್ದರೆ ಗಿರಾಕಿಯೇ ಕೇಳಬೇಕು.

ಕೆಟ್ಟದ್ದು ಬ್ಯಾಟರಿಯಲ್ಲ, ಇನ್ವರ್ಟರ್ ಆಗಿದ್ದರೆ ಕಥೆ ಬೇರೆ. ಅಲ್ಲಿ ಬದಲಿಗಿಂತ ರಿಪೇರಿಯೇ ಹೆಚ್ಚು: ಬೋರ್ಡ್ ಬದಲಿಸಿ ಅದೇ ಪೆಟ್ಟಿಗೆಯನ್ನು ವಾಪಸು ಕೊಡುತ್ತಾರೆ. ಯಾವ ಭಾಗ ಬದಲಾಯಿತು, ಎಷ್ಟು ದಿನ ಹಿಡಿಯುತ್ತದೆ ಎಂಬುದು ಆ ಸಂದೇಶದಲ್ಲಿರಬೇಕು.

ತೆರಿಗೆಯ ಮಾತೂ ಬರುತ್ತದೆ. "ಬ್ಯಾಟರಿ ಫ್ರೀ, ಜಿಎಸ್‌ಟಿ ಮಾತ್ರ ಕಟ್ಟಿ" ಎಂದು ಯಾರಾದರೂ ಕೇಳಿದರೆ ಒಪ್ಪಬೇಕಿಲ್ಲ. ಗ್ರಾಹಕರಿಂದ ಹಣ ಪಡೆಯದೆ ವಾರಂಟಿಯಲ್ಲಿ ಭಾಗ ಬದಲಿಸಿದರೆ ಅದಕ್ಕೆ ಪ್ರತ್ಯೇಕ ಜಿಎಸ್‌ಟಿ ಇಲ್ಲ ಎಂದು ಕೇಂದ್ರದ ಪರೋಕ್ಷ ತೆರಿಗೆ ಮಂಡಳಿ 2023ರ ಜುಲೈ 17ರ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿದೆ. ಇಡೀ ವಸ್ತುವನ್ನೇ ಬದಲಿಸಿದಾಗಲೂ ಇದೇ ನಿಯಮ ಎಂದು ಮುಂದಿನ ವರ್ಷ ಇನ್ನೊಂದು ಸುತ್ತೋಲೆ ಹೇಳಿತು. ಪ್ರೊ ರೇಟಾದಂತೆ ಹಣ ಕೊಟ್ಟರೆ ಮಾತ್ರ ಆ ಹಣಕ್ಕೆ ತೆರಿಗೆ ಅನ್ವಯಿಸುತ್ತದೆ.

ಶನಿವಾರ ಬೆಳಿಗ್ಗೆ ಇಬ್ಬರು ಹುಡುಗರು ಬ್ಯಾಟರಿಯನ್ನು ಹೊತ್ತು ತಂದರು. ಗೋದಾಮಿನಲ್ಲಿ ಸುಮ್ಮನೆ ಕುಳಿತ ಬ್ಯಾಟರಿಯ ಚಾರ್ಜ್ ತಾನಾಗಿ ಇಳಿಯುವುದರಿಂದ ಹಿಂದಿನ ರಾತ್ರಿಯೇ ಅದಕ್ಕೆ ಚಾರ್ಜ್ ಕೊಟ್ಟಿದ್ದರು. ಇನ್ವರ್ಟರ್ ಆಫ್ ಮಾಡಿ, ಸರ್ವಿಸ್ ಬ್ಯಾಟರಿಯ ನೆಗೆಟಿವ್ ವೈರನ್ನು ಮೊದಲು ಬಿಚ್ಚಿದರು, ಆಮೇಲೆ ಪಾಸಿಟಿವ್. ಜೋಡಿಸುವಾಗ ಇದರ ತಿರುಗುಮುರುಗು. ಟರ್ಮಿನಲ್ಲಿಗೆ ಪೆಟ್ರೋಲಿಯಂ ಜೆಲ್ಲಿ ಸವರಿದರು.

"ಸರ್, ನಂಬರ್ ಒಮ್ಮೆ ನೋಡ್ಕೊಂಡ್ಬಿಡಿ," ಎಂದು ಒಬ್ಬ ಕಾರ್ಡನ್ನು ಮುಂದಿಟ್ಟ. ಮೇಷ್ಟ್ರು ಕನ್ನಡಕ ಏರಿಸಿ, ಬ್ಯಾಟರಿಯ ಮೈಮೇಲಿನ ಒಂದೊಂದು ಅಂಕಿಗೂ ಕಾರ್ಡಿನಲ್ಲಿ ಬರೆದದ್ದನ್ನು ತಾಳೆ ನೋಡಿದರು. ಆಮೇಲೆ ಫೋನಿಗೆ ಬಂದ ಓಟಿಪಿ ಹೇಳಿದರು. ಸರಿಯಾದ ಕ್ರಮ ಇದೇ. ಕಂಪನಿಯ ದಾಖಲೆಯಲ್ಲಿ ಹಳೆಯ ನಂಬರ್ ಹೋಗಿ ಹೊಸದು ಕೂರದಿದ್ದರೆ ಮುಂದಿನ ಸಲ ಕ್ಲೇಮಿಗೆ ಹೋದಾಗ "ಈ ಬ್ಯಾಟರಿ ನಿಮ್ಮ ಹೆಸರಲ್ಲಿಲ್ಲ" ಎಂಬ ಉತ್ತರ ಬರುತ್ತದೆ. ಬ್ಯಾಟರಿ ಕಣ್ಣೆದುರು ಇಲ್ಲದೆ ಫೋನಿನಲ್ಲಿ ಯಾರು ಕೇಳಿದರೂ ಓಟಿಪಿ ಕೊಡಬಾರದು.

ನಿಮ್ಮ ಮನೆಯಲ್ಲೂ ಬದಲಾಯಿಸಿದ ಬ್ಯಾಟರಿ ಇದ್ದರೆ ಕಾರ್ಡು ತೆಗೆದು ಇವತ್ತೇ ನಂಬರ್ ತಾಳೆ ನೋಡಿ. ಹೊಂದದಿದ್ದರೆ ಅಂಗಡಿಯವರಿಗೆ ಹೇಳಿ ತಿದ್ದಿಸಿ, ಸೀಲು ಸಹಿ ಹಾಕಿಸಿಕೊಳ್ಳಿ. ಒಪ್ಪಿಕೊಂಡ ಕ್ಲೇಮಿನ ಬದಲಿ ವಾರಗಟ್ಟಲೆ ಬಾರದಿದ್ದರೆ ಒಪ್ಪಿಗೆಯ ಸಂದೇಶವನ್ನು ಕೈಯಲ್ಲಿಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಬಹುದು. ಅದರ ಸಂಖ್ಯೆ 1915.