ಹಣವಿದ್ದೂ ಕಟ್ಟಾಗದ ಕಂತು

ಸಾಲದ ಕಂತು ತಾನಾಗಿ ಕಟ್ಟಾಗದಿದ್ದರೆ ಮೊದಲು ನೋಡಬೇಕಾದದ್ದು ಉಳಿತಾಯ ಖಾತೆಯ ಪಾಸ್‌ಬುಕ್ಕನ್ನು. ಕಂತಿನ ದಿನ ಹಣ ಸಾಲದೆ ವಾಪಸಾಗಿದ್ದರೆ ಬ್ಯಾಂಕಿನಿಂದ ಎಸ್ಸೆಮ್ಮೆಸ್ ಬಂದಿರುತ್ತದೆ, ಬೆನ್ನಿಗೇ ‘ರಿಟರ್ನ್ ಚಾರ್ಜ್’ ಎಂದು ಇನ್ನೂರೈವತ್ತೋ ಐನೂರೋ ರೂಪಾಯಿ ಹೋಗಿರುತ್ತದೆ. ಹಣವೂ ಇದೆ, ಯಾವ ಸದ್ದೂ ಇಲ್ಲ, ಕಂತು ಮಾತ್ರ ಹೋಗಿಲ್ಲ ಎಂದಾದರೆ ಬಹುಮಟ್ಟಿಗೆ ಮ್ಯಾಂಡೇಟಿನ ಅವಧಿ ಮುಗಿದಿದೆ. ಈ ಎರಡನೆಯದೇ ಹೆಚ್ಚು ಕಾಡುವಂಥದ್ದು, ಏಕೆಂದರೆ ಸಾಲ ಕೊಟ್ಟವರು ಫೋನ್ ಮಾಡುವವರೆಗೂ ಅದು ಗೊತ್ತಾಗುವುದಿಲ್ಲ.

ಸಾಲವೂ ಉಳಿತಾಯ ಖಾತೆಯೂ ಒಂದೇ ಬ್ಯಾಂಕಿನಲ್ಲಿದ್ದರೆ ‘ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್’ ಬರೆದುಕೊಟ್ಟರೆ ಸಾಕು. ಬೇರೆ ಬೇರೆ ಕಡೆ ಇದ್ದರೆ ಎನ್‌ಪಿಸಿಐ ನಡೆಸುವ ‘ನ್ಯಾಚ್’ ವ್ಯವಸ್ಥೆಯ ಮೂಲಕ ಮ್ಯಾಂಡೇಟ್ ಕೊಡಬೇಕು. ಎರಡಕ್ಕೂ ಕೊನೆಯ ದಿನಾಂಕ ಇರಬಹುದು. ಮ್ಯಾಂಡೇಟಿನಲ್ಲಂತೂ ಒಂದು ಸಲಕ್ಕೆ ಗರಿಷ್ಠ ಎಷ್ಟು ಕಡಿಯಬಹುದು ಎಂಬ ಮೊತ್ತವೂ ಇರುತ್ತದೆ. ಸಹಿ ಹಾಕುವ ಭರಾಟೆಯಲ್ಲಿ ಇವನ್ನು ಯಾರೂ ಓದುವುದಿಲ್ಲ.

ಸಾಲ ಮುಗಿಯದೆ ಮ್ಯಾಂಡೇಟ್ ಮುಗಿಯುವುದು ಹೇಗೆ? ಒಂದು ಲೆಕ್ಕ ನೋಡೋಣ. ಒಬ್ಬ ಶಿಕ್ಷಕಿ 2015ರ ಮೇ ತಿಂಗಳಲ್ಲಿ ಹತ್ತು ವರ್ಷದ ಗೃಹಸಾಲ ಪಡೆದರು ಎಂದಿಟ್ಟುಕೊಳ್ಳಿ. ಕಂತು 18,600 ರೂಪಾಯಿ, ಮ್ಯಾಂಡೇಟ್ 2025ರ ಮೇವರೆಗೆ. ಕೋವಿಡ್ ವರ್ಷದಲ್ಲಿ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಸಿಕ್ಕ ವಿನಾಯಿತಿಯನ್ನು ಅವರು ಬಳಸಿಕೊಂಡರು. ಆರು ತಿಂಗಳು ಕಂತು ನಿಂತಿತೇ ಹೊರತು ಬಡ್ಡಿ ನಿಲ್ಲಲಿಲ್ಲ. ಅದೂ ಅಸಲಿಗೆ ಸೇರಿ ಸಾಲದ ಕೊನೆ ಎಂಟು ತಿಂಗಳಷ್ಟು ಮುಂದೆ ಹೋಯಿತು. 2022ರ ನಂತರ ಬಡ್ಡಿ ಏರಿದಾಗಲೂ ಎಷ್ಟೋ ಬ್ಯಾಂಕುಗಳು ಕಂತು ಏರಿಸದೆ ಅವಧಿಯನ್ನೇ ಎಳೆದವು. ಸಾಲದ ಖಾತೆಯಲ್ಲಿ ದಿನಾಂಕ ಬದಲಾಯಿತು, ಮ್ಯಾಂಡೇಟಿನಲ್ಲಿ ಬದಲಾಗಲಿಲ್ಲ. 2025ರ ಜೂನ್ 5ರ ಕಂತು ಖಾತೆಯಲ್ಲಿ ಹಣವಿದ್ದೂ ಬಾಕಿಯಾಯಿತು. ಬ್ಯಾಂಕು ಕಂತು ಏರಿಸಿದ್ದರೆ ಇನ್ನೊಂದು ತೊಡಕು ಬರಬಹುದಿತ್ತು: ಹೊಸ ಕಂತು ಮ್ಯಾಂಡೇಟಿನ ಗರಿಷ್ಠ ಮೊತ್ತವನ್ನು ದಾಟಿದರೂ ವಾಪಸಾಗುತ್ತದೆ.

ಕಾರಣ ಯಾವುದೇ ಇರಲಿ, ಅದೇ ದಿನ ಯುಪಿಐ ಅಥವಾ ನೆಫ್ಟ್ ಮೂಲಕ ಸಾಲದ ಖಾತೆಗೇ ಕಂತು ಕಟ್ಟಿ ರಸೀದಿ ಇಟ್ಟುಕೊಳ್ಳಬೇಕು. ಕಟ್ಟುವ ಮುಂಚೆ ‘ಮತ್ತೊಮ್ಮೆ ಪ್ರೆಸೆಂಟ್ ಮಾಡ್ತೀರಾ?’ ಎಂದು ಕೇಳಿ. ಇಲ್ಲದಿದ್ದರೆ ಒಂದೇ ಕಂತು ಎರಡು ಸಲ ಹೋಗಬಹುದು. ಆಮೇಲೆ ನೆಟ್‌ಬ್ಯಾಂಕಿಂಗ್, ಡೆಬಿಟ್ ಕಾರ್ಡ್ ಅಥವಾ ಆಧಾರ್ ಮೂಲಕ ಹೊಸ ಇ-ಮ್ಯಾಂಡೇಟ್ ಕೊಡಿ. ಅದು ನೋಂದಣಿಯಾಗಲು ಕೆಲವು ದಿನ ಬೇಕು, ಕಾಗದದ ಫಾರಂ ಆದರೆ ಇನ್ನೂ ಹೆಚ್ಚು. ನೋಂದಣಿ ಖಚಿತವಾಗದಿದ್ದರೆ ಮುಂದಿನ ಕಂತನ್ನೂ ಕೈಯಾರೆ ಕಟ್ಟಬೇಕಾಗುತ್ತದೆ.

ಹಣ ಸಾಲದೆ ವಾಪಸಾದಾಗ ದಂಡ ಎರಡು ಕಡೆಯಿಂದ ಬೀಳುತ್ತದೆ. ನಿಮ್ಮ ಬ್ಯಾಂಕು 250 ರೂಪಾಯಿ ಹಾಕಿತೆನ್ನಿ, ಜಿಎಸ್‌ಟಿ ಸೇರಿ 295. ಸಾಲ ಕೊಟ್ಟವರ ಬೌನ್ಸ್ ಚಾರ್ಜ್ 500 ಎನ್ನಿ. ಇದರ ಮೇಲೆ ತಡವಾದ ದಿನಗಳಿಗೆ ದಂಡಶುಲ್ಕ: ವರ್ಷಕ್ಕೆ ಶೇ 24ರಂತೆ ಹಿಡಿದರೂ 18,600ಕ್ಕೆ ಒಂಬತ್ತು ದಿನಕ್ಕೆ ಸುಮಾರು 110 ರೂಪಾಯಿ. ಅಂದರೆ ತಡಕ್ಕಿಂತ ಬೌನ್ಸೇ ದುಬಾರಿ. ಇದು ಬೆಳೆಯುವ ಬಗೆಯೂ ವಿಚಿತ್ರ. ಆ 295 ಖಾತೆಯಲ್ಲಿ ಹಣವಿಲ್ಲದೆ ಬಾಕಿ ಉಳಿದಿದ್ದರೆ, ಮುಂದಿನ ತಿಂಗಳು ನೀವು ಸರಿಯಾಗಿ 18,600 ಹಾಕಿದ ಕೂಡಲೇ ಬ್ಯಾಂಕು ಅದನ್ನು ಹಿಡಿದುಕೊಳ್ಳುತ್ತದೆ. ಉಳಿದದ್ದು 18,305. ಕಂತು ಮತ್ತೆ ಬೌನ್ಸ್. ಆದ್ದರಿಂದ ಒಂದು ಸಾವಿರ ಹೆಚ್ಚಿಗೆ, ಅದೂ ಹಿಂದಿನ ದಿನವೇ ಇರಲಿ. ಸಂಬಳ ಅದೇ ದಿನ ಸಂಜೆ ಬಂದರೆ ಪ್ರಯೋಜನವಿಲ್ಲ. 2021ರ ಆಗಸ್ಟ್‌ನಿಂದ ನ್ಯಾಚ್ ಭಾನುವಾರವೂ ನಡೆಯುತ್ತದೆ, ಹಬ್ಬದ ರಜೆಯನ್ನು ನೆಚ್ಚಿಕೊಳ್ಳುವಂತಿಲ್ಲ.

ದಂಡಶುಲ್ಕಕ್ಕೂ ಮಿತಿಯಿದೆ. ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲಿ ಹೊರಡಿಸಿದ ಆದೇಶದ ಪ್ರಕಾರ ಅದನ್ನು ಬಡ್ಡಿದರಕ್ಕೆ ಸೇರಿಸುವಂತಿಲ್ಲ, ಅಸಲಿಗೆ ಕೂಡಿಸಿ ಅದರ ಮೇಲೆ ಬಡ್ಡಿ ಹಾಕುವಂತಿಲ್ಲ. ಜಿಎಸ್‌ಟಿಯೂ ಈ ಶುಲ್ಕಕ್ಕೆ ಇಲ್ಲ. ಇನ್ನು ಮ್ಯಾಂಡೇಟ್ ಮುಗಿದಿದ್ದರಿಂದ ಕಂತನ್ನು ಪ್ರೆಸೆಂಟೇ ಮಾಡದಿದ್ದರೆ, ಬೌನ್ಸ್ ಚಾರ್ಜ್ ಯಾವ ಲೆಕ್ಕದಲ್ಲಿ ಹಾಕಿದಿರಿ ಎಂದು ಕೇಳುವುದು ನ್ಯಾಯವೇ. ಅವಧಿ ಎಳೆದವರು ಅವರು, ಹೊಸ ಮ್ಯಾಂಡೇಟ್ ಕೇಳಬೇಕಾದವರೂ ಅವರೇ ಎಂಬುದು ನನ್ನ ವಾದ. ಸಾಲದ ಸ್ಟೇಟ್‌ಮೆಂಟ್ ಮತ್ತು ಆ ದಿನ ಹಣವಿತ್ತೆಂದು ತೋರಿಸುವ ಪಾಸ್‌ಬುಕ್ ಪುಟವನ್ನು ಲಗತ್ತಿಸಿ ಬರಹದಲ್ಲಿ ಕೇಳಿ, ಕ್ರೆಡಿಟ್ ವರದಿಯಲ್ಲಿ ವಿಳಂಬ ನಮೂದಾಗಿದ್ದರೆ ಸರಿಪಡಿಸುವಂತೆಯೂ ಅದರಲ್ಲೇ ಬರೆಯಿರಿ. ಮೂವತ್ತು ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಬಂದದ್ದು ಒಪ್ಪಿಗೆಯಾಗದಿದ್ದರೆ cms.rbi.org.in ತಾಣದಲ್ಲಿ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಅದಕ್ಕೆ ಶುಲ್ಕವಿಲ್ಲ.